ಯಾರ ಕೈಲಿ ಮಾಡಿಸಲಿ?

ಹೋದ ವರ್ಷ ನಮ್ಮ ಮಗಳು ಪುಣೆಯಲ್ಲಿ ಸ್ವಂತದ ಫ್ಲ್ಯಾಟ್ ಕೊಂಡಳು. ವಾಸ್ತುಶಾಂತಿ ಇಟ್ಟುಕೊಂಡಿದ್ದೆವು. ಹುಟ್ಟಿದ್ದು, ಬೆಳೆದದ್ದು, ಕಲಿತದ್ದು ಎಲ್ಲಾ ಇಲ್ಲೇ ಆದರೂ ಅವಳಿಗೆ ಕನ್ನಡ ಓದಲು, ಬರೆಯಲು ಬರುತ್ತದೆ. ಆ ಹೆಮ್ಮೆ ನಮಗೆ ಸ್ವಲ್ಪ ಜಾಸ್ತಿಯೇ ಇದೆ. ಆದ್ದರಿಂದ ಊರಿನವರನ್ನು ಕರೆಯುವ ಕೆಲಸ ತಾನೇ ಮಾಡುತ್ತೇನೆ ಎಂದಾಗ ನಾನು ಬೇಡ ಎನ್ನಲಿಲ್ಲ. ಧಾರವಾಡದಲ್ಲಿರುವ ನನ್ನ ವೈನಿಗೆ, ಅಂದರೆ ಅವಳ ದೊಡ್ಡವ್ವನಿಗೆ, ಫೋನಿನಲ್ಲಿ ಎರಡೇ ಸಾಲಿನ ಸಂದೇಶ ಕಳಿಸಿದಳು:

"ದೊಡ್ಡವ್ವ, ದಯವಿಟ್ಟು ಶೇಂಗಾ ಹೋಳಿಗೆ ಮಾಡಿಸಿ. ನೀವು ಎರಡು ದಿನ ಮೊದಲೇ ಬರಬಹುದು."

ಕಾಗುಣಿತ ಸರಿ ಇದೆ. ಒತ್ತಕ್ಷರ ಸರಿ ಇವೆ. 'ದಯವಿಟ್ಟು' ಬೇರೆ ಇದೆ. ನನಗೆ ತೋರಿಸಿದ್ದರೆ ನಾನೂ ಮೇಲಿಂದ ಮೇಲೆ ನೋಡಿ ಸೈ ಅನ್ನುತ್ತಿದ್ದೆನೋ ಏನೋ.

ನಮ್ಮ ವೈನಿ ಎರಡು ದಿನ ಮೊದಲು ಬರಲಿಲ್ಲ. ರಾತ್ರಿ ಬಸ್ಸಿಗೆ ಹೊರಟು ವಾಸ್ತುಶಾಂತಿಯ ದಿನ ಮುಂಜಾನೆ ಬಂದು ಇಳಿದರು. ಕೈಯಲ್ಲಿ ಎರಡು ಡಬ್ಬಿ ಶೇಂಗಾ ಹೋಳಿಗೆ ಇದ್ದವು. ಸ್ಟೀಲಿನ ಡಬ್ಬಿಯಲ್ಲ, ಅಂಗಡಿಯ ರಟ್ಟಿನ ಡಬ್ಬಿ. ಮಗಳು ಮುಖ ಸಣ್ಣದು ಮಾಡಿಕೊಂಡು, "ದೊಡ್ಡವ್ವ, ನಿಮ್ಮ ಕೈಯವು ಅಲ್ಲೇನು?" ಎಂದು ಕೇಳಿದಳು. ವೈನಿ ನಗುತ್ತಲೇ ಹೇಳಿದರು: "ನೀನ ಮಾಡಿಸ್ರಿ ಅಂತ ಬರದಿದ್ದೀಯಲ್ಲವ್ವಾ. ಮಾಡಿಸಿಕೊಂಡು ಬಂದೀನಿ."

ಆ ನಗುವಿನಲ್ಲಿ ನಗು ಇರಲಿಲ್ಲ. ನಲವತ್ತು ವರ್ಷದಿಂದ ನಮ್ಮ ಮನೆತನದ ಯಾವ ಕಾರ್ಯವಿದ್ದರೂ ಶೇಂಗಾ ಹೋಳಿಗೆ ಅವರದ್ದೇ. ಈಗ ಎಪ್ಪತ್ತೈದು ದಾಟಿದೆ, ಮೊಣಕಾಲು ನೋವಿದೆ. ಹುಡುಗಿ ಮಾಡಿಸಿ ಎಂದು ಬರೆದದ್ದನ್ನು ಓದಿ, 'ಇನ್ನು ನಿಮ್ಮ ಕೈಲಿ ಆಗುವುದಿಲ್ಲ, ಯಾರಿಗಾದರೂ ಹೇಳಿ' ಎಂಬ ಅರ್ಥ ಮಾಡಿಕೊಂಡಿದ್ದರು. ಅದರ ಮೇಲೆ 'ಬರಬಹುದು' ಬೇರೆ. "ಬರಲಿಕ್ಕ ಪರವಾನಗಿ ಕೊಟ್ಟಾಳ" ಎಂದು ನಮ್ಮ ಅಣ್ಣನ ಮುಂದೆ ಅಂದಿದ್ದರಂತೆ. ಅಣ್ಣ ಅದನ್ನು ನನಗೆ ಮೆಲ್ಲಗೆ ಹೇಳಿದ್ದು ಊಟದ ಪಂಕ್ತಿಯಲ್ಲಿ.

ಮಗಳ ತಪ್ಪು ಎರಡು ಪದದ ಬಾಲದಲ್ಲಿ ಇತ್ತು. ಒಂದು 'ಇಸಿ', ಇನ್ನೊಂದು 'ಬಹುದು'. ಅಂದಿನಿಂದ ನಾನು ಕಿವಿಗೊಟ್ಟು ಕೇಳುತ್ತಿದ್ದೇನೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಈ ಎರಡೂ ಬಾಲ ಬೇಕಾದಷ್ಟು ಕಡೆ ಸಿಗುತ್ತವೆ. ನಮ್ಮ ಬಡಾವಣೆಯ ಕನ್ನಡದ ಮನೆಗಳೆಲ್ಲ ಸೇರಿ ಮಾಡುವ ಯುಗಾದಿಯ ಊಟದಲ್ಲಿ ಒಬ್ಬ ಹುಡುಗ ಮೈಕು ಹಿಡಿದು ಬಲು ವಿನಯದಿಂದ, "ಎಲ್ಲರೂ ದಯವಿಟ್ಟು ಊಟ ಮಾಡಿಸಿ" ಎಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಒಬ್ಬರು, "ಯಾರಿಗೆ ಮಾಡಿಸಲಿ ತಮ್ಮಾ, ನನಗ ಹಸಿವಾಗೇದ" ಎಂದರು. ಎಲ್ಲರೂ ನಕ್ಕರು. ಹುಡುಗನಿಗೆ ಮಾತ್ರ ತನ್ನ ತಪ್ಪು ಏನೆಂದು ಯಾರೂ ಹೇಳಲಿಲ್ಲ.

ಅಜ್ಜ ಕೇಳಿದ್ದೇ ಸರಿಯಾದ ಪರೀಕ್ಷೆ. 'ಮಾಡು' ಎಂಬಲ್ಲಿ ಇಬ್ಬರು ಸಾಕು: ಹೇಳುವವನು, ಮಾಡುವವನು. 'ಮಾಡಿಸು' ಎಂದ ಕೂಡಲೇ ಮೂರನೆಯವನು ಬಂದು ಕೂರುತ್ತಾನೆ. ಹೇಳುವವಳು ನಮ್ಮ ಮಗಳು, ಹೇಳಿಸಿಕೊಂಡವರು ದೊಡ್ಡವ್ವ, ಮಾಡುವವರು ಬೇರೆ ಯಾರೋ. ಆ ಯಾರೋ ವಾಕ್ಯದಲ್ಲಿ ಕಾಣಿಸದಿದ್ದರೂ ಕನ್ನಡದ ಕಿವಿಗೆ ಅವನು ಇದ್ದಾನೆಂದು ಗೊತ್ತಾಗುತ್ತದೆ. ಅದಕ್ಕೇ 'ಯಾರ ಕೈಲಿ ಮಾಡಿಸಲಿ?' ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಊಟದ ವಿಷಯದಲ್ಲಿ ಮಾತ್ರ 'ಯಾರ ಕೈಲಿ' ಎನ್ನದೆ 'ಯಾರಿಗೆ' ಎನ್ನುತ್ತೇವೆ, ಏಕೆಂದರೆ ಮಗುವಿಗೆ ಊಟ ಮಾಡಿಸುವುದು, ಹಾಲು ಕುಡಿಸುವುದು ಆ ಮಗುವಿನ ಹೊಟ್ಟೆಗೇ ಸೇರುವ ಕೆಲಸ. ಈ ಪ್ರಶ್ನೆ ಕೇಳಿದಾಗ ಅರ್ಥಪೂರ್ಣ ಉತ್ತರ ಬಂದರೆ 'ಇಸು' ಸರಿಯಾದ ಜಾಗದಲ್ಲಿದೆ. ಉತ್ತರ ಇಲ್ಲವೆಂದರೆ ಅದನ್ನು ಕಿತ್ತು ಹಾಕಬೇಕು.

ಕಚೇರಿಯಲ್ಲಿ ಇದನ್ನು ಸುಲಭವಾಗಿ ನೋಡಬಹುದು. ಒಂದು ಅರ್ಜಿಗೆ ಸಾಹೇಬರ ಸಹಿ ಬೇಕು. ಹೊರಗೆ ಕೂತ ಗುಮಾಸ್ತರಿಗೆ "ಸಹಿ ಮಾಡಿಸಿ ಕೊಡಿ" ಎಂದರೆ ಸರಿ, ಏಕೆಂದರೆ ಸಹಿ ಸಾಹೇಬರದು, ಒಳಗೆ ಒಯ್ಯುವವರು ಇವರು. ಅದೇ ಮಾತನ್ನು ಸಾಹೇಬರ ಮುಂದೆ ನಿಂತು ಹೇಳಿದರೆ ಅವರು ಪೆನ್ನು ಕೆಳಗಿಟ್ಟು ನಿಮ್ಮನ್ನೇ ನೋಡುತ್ತಾರೆ. ಅವರಿಗೆ "ಸಹಿ ಮಾಡಿ ಕೊಡಿ" ಎನ್ನಬೇಕು. ಎರಡೂ ವಾಕ್ಯಕ್ಕೆ ವಿನಯ ತರುವುದು ಕೊನೆಯ 'ಕೊಡಿ', ನಡುವಿನ 'ಇಸಿ' ಅಲ್ಲ. 'ಕೊಡಿ' ಎಂದರೆ ಈ ಕೆಲಸ ನನಗಾಗಿ ಮಾಡುತ್ತೀರಿ, ಉಪಕಾರ ನಿಮ್ಮದು ಎಂದು ಒಪ್ಪಿಕೊಂಡ ಹಾಗೆ. ಮರಾಠಿಯವರು 'ಕರೂನ್ ದ್ಯಾ' ಅನ್ನುವುದೂ ಇದನ್ನೇ. ಪುಣೆಯ ಮಕ್ಕಳಿಗೆ ಹೀಗೆ ಹೇಳಿಕೊಟ್ಟರೆ ಕೂಡಲೇ ಹತ್ತುತ್ತದೆ.

ಹಾಗಾದರೆ 'ಇಸಿ'ಯಲ್ಲಿ ವಿನಯ ಇದೆ ಎಂದು ಮಕ್ಕಳಿಗೆ ಏಕೆ ಅನ್ನಿಸುತ್ತದೆ? ನಾನು ಮಗಳನ್ನೇ ಕೇಳಿದೆ. ಅವಳು ಕೊಟ್ಟ ಉತ್ತರ ನನಗೆ ಹೊಳೆದಿರಲಿಲ್ಲ. "ಅಪ್ಪಾ, ಊರಿಗೆ ಹೋದಾಗ ಬೋರ್ಡುಗಳಲ್ಲಿ ನೋಡು. ಕ್ಷಮಿಸಿ, ಗಮನಿಸಿ, ಸಹಕರಿಸಿ, ತಿಳಿಸಿ, ನಿಲ್ಲಿಸಿ. ದಯವಿಟ್ಟು ಅಂದ ಮೇಲೆ ಎಲ್ಲಾ ಕಡೆ ಇಸಿ ಅಂತಲೇ ಇರುತ್ತದಲ್ಲ" ಎಂದಳು. ನಿಜವೇ. ಮನೆಯಲ್ಲಿ ಕೇಳುವುದು 'ಮಾಡು, ಬಾ, ತಾ'. ಗೌರವದ ಕನ್ನಡ ಅವಳ ಕಣ್ಣಿಗೆ ಬಿದ್ದದ್ದು ಬೋರ್ಡಿನಲ್ಲಿ, ಆಮಂತ್ರಣ ಪತ್ರಿಕೆಯಲ್ಲಿ. ಅಲ್ಲಿ ಕಂಡದ್ದನ್ನು ಅವಳು ಒಂದು ನಿಯಮ ಮಾಡಿಕೊಂಡಳು. ಬುದ್ಧಿವಂತರೇ ಮಾಡುವ ತಪ್ಪು ಇದು.

ಆದರೆ ಆ ಬೋರ್ಡಿನ 'ಇಸಿ'ಗಳೆಲ್ಲ ಒಂದೇ ಜಾತಿಯವಲ್ಲ. ಕ್ಷಮೆ, ಗಮನ, ಸಹಕಾರ ಇವು ಸಂಸ್ಕೃತದಿಂದ ಬಂದ ಹೆಸರುಗಳು. ಅವನ್ನು ಕನ್ನಡದ ಕ್ರಿಯಾಪದ ಮಾಡಲು 'ಇಸು' ಹಚ್ಚುತ್ತೇವೆ, ಅಷ್ಟೇ. 'ಕ್ಷಮಿಸಿ' ಎಂದರೆ ಬೇರೆಯವರ ಕಡೆಯಿಂದ ಕ್ಷಮೆ ಕೊಡಿಸಿ ಎಂದಲ್ಲ. ಅಲ್ಲಿ ಮೂರನೆಯವನು ಇಲ್ಲ. 'ತಿಳಿಸಿ, ನಿಲ್ಲಿಸಿ, ಇಳಿಸಿ' ಇವು ನಿಜವಾದ ಪ್ರೇರಣೆಯ ರೂಪಗಳು. ಆದರೆ ಅಲ್ಲಿ ತಿಳಿಯುವವನು ನಾನು, ನಿಲ್ಲುವುದು ಗಾಡಿ, ಇಳಿಯುವವನು ನಾನು. ಆಟೋದವನಿಗೆ "ಇಲ್ಲೇ ಇಳಿಸಿ" ಎಂದರೆ ನಾನು ಇಳಿಯುವ ಹಾಗೆ ಅವನು ಮಾಡಲಿ ಎಂದರ್ಥ. 'ಇಸಿ' ಬಿಟ್ಟು "ಇಲ್ಲೇ ಇಳೀರಿ" ಎಂದರೆ ಅವನೇ ಇಳಿದು ನಡೆದುಹೋಗಬೇಕಾಗುತ್ತದೆ! ಇದಕ್ಕೂ ಗೌರವಕ್ಕೂ ಸಂಬಂಧವಿಲ್ಲ.

ಇಷ್ಟು ಹೇಳಿ ಮುಗಿಸಿದ್ದರೆ ನಾನು ಗೆದ್ದ ಹಾಗಿತ್ತು. ಆದರೆ ಮಗಳು ಇನ್ನೊಂದು ಪ್ರಶ್ನೆ ಹಾಕಿದಳು: "ಮತ್ತೆ ಅಜ್ಜ ಬಾಗಿಲಲ್ಲಿ ನಿಂತು ದೊಡ್ಡವರಿಗೆ 'ದಯಮಾಡಿಸಿ, ದಯಮಾಡಿಸಿ' ಅನ್ನುತ್ತಿದ್ದರಲ್ಲ?"

ಇದು ನಿಜವಾದ ಗಂಟು. 'ದಯಮಾಡಿಸಿ' ಎಂದರೆ ಬನ್ನಿ ಎಂದೇ ಅರ್ಥ, ಯಾರನ್ನೋ ಕರೆಸಿ ಎಂದಲ್ಲ. ಹಾಗೆಯೇ ಮಠದ ಭಕ್ತರು 'ಗುರುಗಳು ಅಪ್ಪಣೆ ಕೊಡಿಸಿದರು' ಅನ್ನುತ್ತಾರೆ. ಅಪ್ಪಣೆ ಕೊಟ್ಟದ್ದು ಗುರುಗಳೇ, ಆದರೂ ಕೊಡಿಸಿದರು. ಇಲ್ಲಿ 'ಇಸು' ಇರುವುದು ಬರೀ ಗೌರವಕ್ಕೆ. ಇದರ ಹಿಂದಿನ ತರ್ಕ ನನಗೆ ಹೀಗೆ ಕಾಣುತ್ತದೆ: ಅರಮನೆಯಲ್ಲಿ, ಮಠದಲ್ಲಿ ದೊಡ್ಡವರು ಯಾವುದನ್ನೂ ತಮ್ಮ ಕೈಯಿಂದ ಮಾಡುವುದಿಲ್ಲ. ಅವರು ಮನಸ್ಸು ಮಾಡಿದರೆ ಸಾಕು, ಕೆಲಸ ಬೇರೆಯವರ ಕೈಯಿಂದ ಆಗುತ್ತದೆ. ಆದ್ದರಿಂದ ಅವರು ಮಾಡಿದ್ದನ್ನೂ ಮಾಡಿಸಿದರು ಎನ್ನುವುದೇ ಮರ್ಯಾದೆ. ಇವತ್ತಿಗೂ ಶಾಸಕರ ಮುಂದೆ ನಿಂತವರು "ನಮ್ಮೂರಿಗೊಂದು ರಸ್ತೆ ಮಾಡಿಸಿ ಕೊಡ್ರಿ" ಅನ್ನುತ್ತಾರೆ. ಅಲ್ಲಿ ಅದು ವ್ಯಾಕರಣಕ್ಕೂ ಸರಿ, ಮರ್ಯಾದೆಗೂ ಸರಿ. ಶಾಸಕರು ತಾವೇ ಸಲಿಕೆ ಹಿಡಿಯಲಿ ಎಂದು ಯಾರೂ ಬಯಸುವುದಿಲ್ಲ. ಹಿಂದಿಯ 'ಕರ್ವಾ ದೀಜಿಯೇ' ಕಚೇರಿಗಳಲ್ಲಿ ಓಡಾಡುವುದೂ ಇದೇ ಬಲದ ಮೇಲೆ. ದಿನವಿಡೀ ಅದನ್ನು ಕೇಳುವ ನಮ್ಮ ಮಕ್ಕಳು ಅದನ್ನೇ ಕನ್ನಡಕ್ಕೆ ಎತ್ತಿ ಇಟ್ಟುಕೊಳ್ಳುತ್ತಾರೆ.

ಆದರೆ ಈ ಗೌರವದ 'ಇಸು' ಇಂದಿನ ಮಾತಿನಲ್ಲಿ ಕೆಲವೇ ಪದಗಳಿಗೆ ಅಂಟಿ ಉಳಿದಿದೆ. 'ದಯಮಾಡಿಸಿ' ಇದೆ ಎಂದು 'ಕೂಡ್ರಿಸಿ' ಎಂದರೆ ಕೂಡ್ರಿ ಎಂದಾಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಎಂದರೆ, ಕೈಯಿಂದ ಮಾಡದಿರುವುದೇ ದೊಡ್ಡಸ್ತಿಕೆ ಎಂಬ ಲೆಕ್ಕ ಅಡುಗೆಮನೆಯಲ್ಲಿ ತಿರುಗಾಮುರುಗಾ ಆಗುತ್ತದೆ. ಶೇಂಗಾ ಹೋಳಿಗೆಯ ಬೆಲೆ ಇರುವುದೇ ಕೈಯಲ್ಲಿ. ಶೇಂಗಾ ಎಷ್ಟು ಹುರಿಯಬೇಕು, ಬೆಲ್ಲದ ಜೊತೆ ಎಷ್ಟು ಸಣ್ಣಗೆ ಕುಟ್ಟಬೇಕು, ಹೂರಣ ಅಂಚಿನವರೆಗೂ ಹೋಗುವ ಹಾಗೆ ಹೇಗೆ ಲಟ್ಟಿಸಬೇಕು ಎಂಬುದೆಲ್ಲ ಕೈಗುಣ. ಶಾಸಕರಿಗೆ 'ಮಾಡಿಸಿ' ಎಂದರೆ ಮೇಲೆ ಕೂರಿಸಿದಂತೆ. ವೈನಿಗೆ 'ಮಾಡಿಸಿ' ಎಂದರೆ ಅವರ ಕೈಯನ್ನೇ ಬೇಡ ಎಂದಂತೆ.

ಇನ್ನು 'ಬರಬಹುದು'. ಇದರ ಹುಟ್ಟು ಚೆಂದವಾಗಿದೆ. 'ಬಹುದು' ಎಂದರೆ ಹಳೆಯ ಕಾಲದಲ್ಲಿ 'ಬರುವುದು' ಎಂದೇ. 'ಅಹುದು' ಸವೆದು 'ಹೌದು' ಆದ ಹಾಗೆ ಇದು ಸವೆದು ಬೇರೆ ಕ್ರಿಯಾಪದಗಳ ಬೆನ್ನಿಗೆ ಅಂಟಿಕೊಂಡಿತು. 'ಮಾಡಬಹುದು' ಎಂದರೆ ಮಾಡಲು ಬರುತ್ತದೆ, ಅಡ್ಡಿಯಿಲ್ಲ. ಇದರ ಎದುರಿನದು 'ಬಾರದು', ಬರುವುದಿಲ್ಲ. 'ಮಾಡಬಾರದು' ಎಂದಾಗ ಅದು ಎಷ್ಟು ಗಟ್ಟಿಯಾದ ನಿಷೇಧ ಎಂದು ಎಲ್ಲರಿಗೂ ಗೊತ್ತು. ನಿಷೇಧದ ಮಗ್ಗುಲಲ್ಲೇ ಹುಟ್ಟಿದ್ದರಿಂದ 'ಬಹುದು' ಎಂಬುದಕ್ಕೆ ಅನುಮತಿಯ ವಾಸನೆ ಹತ್ತಿಕೊಂಡಿದೆ. 'ನೀವು ಬರಬಹುದು' ಎಂದರೆ ಬಾರದೆ ಇರಲು ಕಾರಣವಿತ್ತು, ಈಗ ತೆಗೆದಿದ್ದೇವೆ ಎಂಬ ಧ್ವನಿ. ಸಂದರ್ಶನ ಮುಗಿದ ಮೇಲೆ "ಇನ್ನು ನೀವು ಹೋಗಬಹುದು" ಅನ್ನುತ್ತಾರಲ್ಲ, ಅದೇ ಧ್ವನಿ.

ಮಗಳ ತಲೆಯಲ್ಲಿ ಇದ್ದದ್ದು ಹಿಂದಿಯ 'ಆ ಸಕ್ತೀ ಹೈ'. ಆ 'ಸಕ್‌ನಾ' ಎಂಬುದು ದೊಡ್ಡ ಚೀಲ. ಶಕ್ತಿ, ಸಾಧ್ಯತೆ, ಅನುಮತಿ ಮೂರನ್ನೂ ಅದರಲ್ಲಿ ತುಂಬಬಹುದು. ಇಂಗ್ಲಿಷಿನ 'ಕ್ಯಾನ್' ಕೂಡ ಹಾಗೆಯೇ. ಕನ್ನಡದಲ್ಲಿ ಶಕ್ತಿಗೆ, ಅನುಕೂಲಕ್ಕೆ 'ಆಗು' ಇದೆ: "ನಿಮಗ ಎರಡು ದಿನ ಮೊದಲ ಬರಲಿಕ್ಕ ಆಗ್ತದೇನು?" ಬೆಂಗಳೂರಿನವರು "ಬರೋಕಾಗುತ್ತಾ?" ಅನ್ನುತ್ತಾರೆ. 'ಬಹುದು' ಉಳಿದ ಎರಡನ್ನು, ಅನುಮತಿಯನ್ನೂ ಸಾಧ್ಯತೆಯನ್ನೂ, ಹೊತ್ತುಕೊಂಡಿದೆ. ಈ ಎರಡರ ನಡುವೆ ಕೋರಿಕೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಅದೇ ವಾಸ್ತುಶಾಂತಿಯಲ್ಲಿ ಪಾಠವಾಯಿತು.

ಆಚಾರ್ಯರು ನಮ್ಮ ಕಡೆಯವರೇ. ಮಗಳು ಫೋನು ಮಾಡಿ, "ಆಚಾರ್ರೇ, ಬೆಳಿಗ್ಗೆ ಆರಕ್ಕೆ ಬರಬಹುದಾ?" ಎಂದು ಕೇಳಿದಳು. ಅವರು "ಬರಬಹುದು" ಎಂದರು. ಅವಳು ಆರಕ್ಕೆ ಎಂದು ಬರೆದುಕೊಂಡಳು. ನನಗೆ ಯಾಕೋ ಅನುಮಾನ. ಹಿಂದಿನ ದಿನ ಸಂಜೆ ನಾನೇ ಕೇಳಿದೆ: "ಆಚಾರ್ರೇ, ನಾಳೆ ಆರಕ್ಕ ಬರ್ತೀರೇನ್ರಿ?" "ಛೇ, ಆರಕ್ಕ ಎಲ್ಲಿ ಆಗ್ತದ್ರೀ, ಬೇರೆ ಮನಿ ಮುಗಿಸಿ ಏಳೂವರಿಗೆ ಬರ್ತೀನಿ" ಎಂದರು. ಮತ್ತೆ ಆರಕ್ಕೆ ಬರಬಹುದು ಎಂದಿರಲ್ಲ ಎಂದೆ. "ಮುಹೂರ್ತಕ್ಕ ಆರಾದರೂ ಬರಬಹುದು, ದೋಷ ಏನಿಲ್ಲ ಅಂತ ಹೇಳಿದೆ" ಎಂದರು. ಅವರು ಕೊಟ್ಟದ್ದು ಶಾಸ್ತ್ರದ ಉತ್ತರ. ಇನ್ನೊಬ್ಬರಾಗಿದ್ದರೆ 'ಬರಬಹುದು, ನೋಡೋಣ' ಎಂಬ ಅರ್ಥದಲ್ಲಿ ಹೇಳುತ್ತಿದ್ದರು. 'ಬರುತ್ತೇನೆ' ಎಂಬ ಮಾತು ಯಾವ ರೀತಿಯಲ್ಲೂ ಅವರ ಬಾಯಿಂದ ಬಂದಿರಲಿಲ್ಲ. 'ಬರಬಹುದಾ' ಎಂದು ಕೇಳಿದ್ದಕ್ಕೆ 'ಬರಬಹುದು' ಎಂಬ ಉತ್ತರ ಬಂದರೆ ಯಾರೂ ಮಾತು ಕೊಟ್ಟಿಲ್ಲ ಎಂದೇ ತಿಳಿಯಬೇಕು. 'ಬರ್ತೀರಾ' ಎಂದು ಕೇಳಿದರೆ ಮಾತ್ರ 'ಬರ್ತೀನಿ' ಬರುತ್ತದೆ.

ಹಾಗೆಂದು 'ಬಹುದಾ' ಎಂಬುದೇ ಒರಟು ಎಂದುಕೊಳ್ಳಬೇಡಿ. ಯಾರು ಮಾಡುವವರು ಎಂಬುದರ ಮೇಲೆ ಅದರ ಗುಣ ಪೂರಾ ತಿರುಗುತ್ತದೆ. "ನಾನು ಒಳಗೆ ಬರಬಹುದಾ?" ಎಂದರೆ ಅನುಮತಿ ಕೊಡುವ ಕುರ್ಚಿಯಲ್ಲಿ ನಿಮ್ಮನ್ನು ಕೂರಿಸುತ್ತೇನೆ. ಅದು ವಿನಯ. "ನೀವು ಒಳಗೆ ಬರಬಹುದು" ಎಂದರೆ ಆ ಕುರ್ಚಿಯಲ್ಲಿ ನಾನೇ ಕೂತೆ. ಮನೆಮಂದಿಯ ನಡುವೆಯಾದರೆ ಮೊದಲನೆಯದಕ್ಕೂ 'ಬಹುದಾ' ಬೇಡ, "ಬರಲೇನು?", "ತಗೊಳ್ಳಲಾ?" ಸಾಕು. ಎರಡನೆಯದು ಹಿತವಾಗಿ ಕೇಳಿಸುವುದು ನಿಜವಾಗಿಯೂ ಒಂದು ಕಟ್ಟು ಸಡಿಲಿಸುವಾಗ. "ದುಡ್ಡು ಮುಂದಿನ ತಿಂಗಳು ಕೊಡಬಹುದು", "ಚಪ್ಪಲಿ ಹಾಕಿಕೊಂಡೇ ಬರಬಹುದು" ಎಂದರೆ ಯಾರಿಗೂ ಬೇಸರವಿಲ್ಲ, ಏಕೆಂದರೆ ಅಲ್ಲಿ ಕಟ್ಟು ಇತ್ತು, ಬಿಟ್ಟಿದ್ದೇವೆ. ದೊಡ್ಡವ್ವ ತಮ್ಮ ಮಗಳ ಮನೆಗೆ ಬರಲು ಯಾವ ಕಟ್ಟು?

ಕನ್ನಡದ ಆಮಂತ್ರಣ ಪತ್ರಿಕೆ ತೆಗೆದು ನೋಡಿದರೆ ಮಜಾ ಗೊತ್ತಾಗುತ್ತದೆ. ಅಲ್ಲಿ ಎಲ್ಲೂ 'ಬರಬಹುದು' ಇಲ್ಲ. 'ಬರಬೇಕು, ಆಶೀರ್ವದಿಸಬೇಕು, ನಡೆಸಿಕೊಡಬೇಕು' ಎಂದು ಎಲ್ಲಾ 'ಬೇಕು'. ನೋಡಿದರೆ ಕಡ್ಡಾಯದ ಮಾತು, ಕೇಳಿದರೆ ಪ್ರೀತಿಯ ಒತ್ತಾಯ. ಕರೆಯುವಾಗ ನಾವು ಬಿಡುವು ಕೊಡುವುದಿಲ್ಲ, ಹಿಡಿದು ಎಳೆಯುತ್ತೇವೆ. ಇಷ್ಟ ಇದ್ದರೆ ಬನ್ನಿ ಎಂದು ದಾರಿ ಬಿಟ್ಟುಕೊಡುವುದು ಇಂಗ್ಲಿಷಿನಲ್ಲಿ ಸಭ್ಯತೆ ಇರಬಹುದು, ನಮ್ಮಲ್ಲಿ ಅದು ಅರ್ಧ ಮನಸ್ಸು.

ಮಗಳಿಗೆ ಇದನ್ನೆಲ್ಲ ಒಂದೇ ದಿನ ಹೇಳಲಿಲ್ಲ. ಆ ಸಂದೇಶವನ್ನು ಮಾತ್ರ ಎದುರಿಗಿಟ್ಟುಕೊಂಡು ಇಬ್ಬರೂ ತಿದ್ದಿದೆವು. 'ಮಾಡಿಸಿ' ತೆಗೆದು 'ನೀವ ಮಾಡಿಕೊಂಡು ಬರ್ರಿ' ಎಂದು ಹಾಕಿದೆವು. ಆ 'ನೀವ' ಎಂಬಲ್ಲಿರುವ ಒತ್ತೇ ಕೈಗುಣಕ್ಕೆ ಕೊಟ್ಟ ಮರ್ಯಾದೆ. 'ಬರಬಹುದು' ತೆಗೆದು 'ಬಂದುಬಿಡ್ರಿ' ಎಂದೆವು. ಕೊನೆಗೆ ಉಳಿದದ್ದು 'ದಯವಿಟ್ಟು'. ಅದನ್ನು ತೆಗೆಯಲು ಅವಳು ಬಹಳ ಹಿಂಜರಿದಳು. "ಎಲ್ಲಾ ತೆಗೆದರೆ ಆರ್ಡರ್ ಮಾಡಿದ ಹಾಗೆ ಆಗುವುದಿಲ್ಲವಾ?" ಎಂದಳು. ಅವಳ ಭಯದ ಬೇರು ಅಲ್ಲೇ ಇತ್ತು. ಬರೀ 'ಬರ್ರಿ' ಎಂದರೆ ಅಪ್ಪಣೆ ಎಂದು ಅವಳಿಗೆ ಅನ್ನಿಸುತ್ತದೆ, ಅದಕ್ಕೆ ಮೆತ್ತಗೆ ಮಾಡಲು ಹೋಗಿ ಬಾಲ ಕಟ್ಟುತ್ತಾಳೆ. ಆದರೆ 'ಬಾ' ಎಂಬುದು 'ಬರ್ರಿ' ಆದಾಗಲೇ ಗೌರವ ಬಂದಾಗಿದೆ. 'ದೊಡ್ಡವ್ವ' ಎಂದು ಕರೆದಾಗಲೇ ಸಲಿಗೆ ಬಂದಾಗಿದೆ. ಇವೆರಡರ ಮೇಲೆ 'ದಯವಿಟ್ಟು' ಹಾಕಿದರೆ ಮನೆಯ ಬಾಗಿಲಿಗೆ ಕಚೇರಿಯ ಬೋರ್ಡು ಹೊಡೆದ ಹಾಗೆ. ಹೊರಗಿನವರ ಹತ್ತಿರ ಅದು ಬೇಕು, ದೊಡ್ಡವ್ವನ ಹತ್ತಿರ ಬೇಡ.

ಕೊನೆಗೆ ಸಂದೇಶ ಹೀಗಾಯಿತು: "ದೊಡ್ಡವ್ವ, ಶೇಂಗಾ ಹೋಳಿಗಿ ನೀವ ಮಾಡಿಕೊಂಡು ಬರ್ರಿ. ಎರಡು ದಿನ ಮೊದಲ ಬಂದುಬಿಡ್ರಿ." ವಾಸ್ತುಶಾಂತಿ ಮುಗಿದು ಆರು ತಿಂಗಳಾಗಿತ್ತು, ಆ ಸಂದೇಶವನ್ನು ಕಳಿಸುವ ಹಾಗಿರಲಿಲ್ಲ.

ಈ ಸಂಕ್ರಾಂತಿಯ ಹೊತ್ತಿಗೆ ಮಗಳು ತಾನೇ ಧಾರವಾಡಕ್ಕೆ ಫೋನು ಹಚ್ಚಿದಳು. ನಾನು ಪಕ್ಕದಲ್ಲಿ ಪೇಪರು ಓದುವವನ ಹಾಗೆ ಕೂತಿದ್ದೆ. "ದೊಡ್ಡವ್ವ, ನಾ ಶನಿವಾರ ಬರ್ತೀನಿ. ಈ ಸಲ ನನ್ನ ಕೈಲೆ ಹೋಳಿಗಿ ಮಾಡಿಸ್ರಿ" ಎಂದಳು. ಹೇಳುವವರು ದೊಡ್ಡವ್ವ, ಮಾಡುವ ಕೈ ಅವಳದು. 'ಇಸು' ತನ್ನ ಜಾಗಕ್ಕೆ ಬಂದು ಕೂತಿತ್ತು. ಆ ಕಡೆಯಿಂದ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ವೈನಿಯ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು:

"ಬಾರವ್ವಾ. ಶೇಂಗಾ ಮಾತ್ರ ನಾನ ಹುರಿತೀನಿ."